ಷಡಕ್ಷರಪ್ಪನವರ ಮೂರು ಕಾನೂನು ಮತ್ತು ನೂರಿಪ್ಪತ್ತೆಂಟನೇ ಟೋಕನ್

ಶಿವಮೊಗ್ಗದಲ್ಲಿ ಹೆಲ್ಮೆಟ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ‘ನಿಖರ ಸಾಫ್ಟ್‌ವೇರ್’ ಎಂಬ ಕಂಪನಿ ಇದೆ. ಅದರ ಟೆಕ್ನಿಕಲ್ ಹೆಡ್ ಷಡಕ್ಷರಪ್ಪನವರು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ. ಈಗ ಮನೆ ಅದೇ ಊರಿನ ಹೊಸಮನೆ ಬಡಾವಣೆಯಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು ಸಂಜೆ ಬಸ್ಸಿನಲ್ಲಿ ಹಿಂತಿರುಗುತ್ತಾರೆ. ಕಿಟಕಿ ಪಕ್ಕದ ಸೀಟಿನಲ್ಲಿ ಕೂತು, ಎದುರಿಗಿರುವವರ ಮೊಬೈಲಿನಲ್ಲಿ ಯಾವ ಆ್ಯಪ್ ನಿಧಾನವಾಗಿ ತೆರೆದುಕೊಂಡರೂ, “ಜಾವಾ ಸರಿಯಾಗಿ ಬರ್ದಿಲ್ಲ” ಎಂದು ತೀರ್ಪು ಕೊಡುವುದು ಅವರ ಪ್ರಯಾಣದ ಸುಖ.

ಕಂಪನಿಯಲ್ಲಿ ಅವರದು ಮೂರು ಕಾನೂನು. ಮೊದಲನೆಯದು, ಎರಡು ಪದಗಳನ್ನು ಜೋಡಿಸಲು ಪ್ಲಸ್ ಚಿಹ್ನೆ ಬಳಸಕೂಡದು. StringBuilder ಎಂಬ ಸಲಕರಣೆಯನ್ನು ಕೈಯಾರೆ ತಂದು, ಒಂದೊಂದೇ ತುಂಡನ್ನು ಅದಕ್ಕೆ ಸೇರಿಸಬೇಕು. ಎರಡನೆಯದು, ಪಟ್ಟಿಯೊಂದರ ಮೇಲೆ ಸಾಗಲು for-each ಎಂಬ ಚುಟುಕು ಲೂಪ್ ಬಳಸಕೂಡದು. ಅದು ಸೋಮಾರಿಗಳಿಗಾಗಿ ಮಾಡಿದ್ದು; ಸೊನ್ನೆಯಿಂದ ಎಣಿಸುವ ಹಳೆಯ ಲೂಪನ್ನೇ ಬರೆಯಬೇಕು. ಮೂರನೆಯದು, ಸಂಖ್ಯೆ ಇಡಲು ಬರಿಯ int ಬೇಡ, ಎಲ್ಲೆಡೆ Integer ಎಂದೇ ಬರೆಯಬೇಕು. “ಜಾವಾ ಆಬ್ಜೆಕ್ಟ್ ಭಾಷೆ ಕಣ್ರೀ. int ಆಬ್ಜೆಕ್ಟ್ ಅಲ್ಲ. ಮದುವೆ ಮನೇಲಿ ಬನಿಯನ್ ಹಾಕ್ಕೊಂಡು ಓಡಾಡಿದಂಗೆ ಅದು” ಎಂದು ಅವರು ಹೊಸಬರಿಗೆ ವಿವರಿಸುತ್ತಿದ್ದರು.

ಈ ಕಾನೂನುಗಳು ಎಲ್ಲಿಂದ ಬಂದವು? ಬಹಳ ವರ್ಷಗಳ ಹಿಂದೆ ದಾವಣಗೆರೆಯ ಹೋಟೆಲೊಂದರ ಹಾಲಿನಲ್ಲಿ ಕಾರ್ಯಾಗಾರವೊಂದು ನಡೆದಿತ್ತು. ಮಧ್ಯಾಹ್ನ ಹೋಳಿಗೆ ಊಟವಾದ ಮೇಲೆ ಭಾಷಣಕಾರರು ಹೇಳಿದ್ದರಲ್ಲಿ ಷಡಕ್ಷರಪ್ಪನವರಿಗೆ ನೆನಪು ಉಳಿದದ್ದು ಇಷ್ಟು. ಭಾಷಣಕಾರರು ಇದನ್ನೇ ಹೇಳಿದ್ದರೋ, ಇದರ ವಿರುದ್ಧ ಹೇಳಿದ್ದರೋ ಕೇಳಿ ತಿಳಿಯಲು ಬೇರೆ ಯಾರೂ ಎಚ್ಚರವಾಗಿರಲಿಲ್ಲ. ಆಮೇಲೆ ಜಾವಾ ಎಷ್ಟೋ ಆವೃತ್ತಿ ದಾಟಿತು. ಕಾನೂನು ಮಾತ್ರ ಕದಲಲಿಲ್ಲ. ತಮಾಷೆಯ ಹುಡುಗರು ಅದಕ್ಕೆ ‘ಷಡಕ್ಷರಿ ಮಂತ್ರ’ ಎಂದು ಹೆಸರಿಟ್ಟರು. ಅದು ಅವರ ಕಿವಿಗೆ ಬಿದ್ದಾಗ ಅವರು ಗೌರವವೆಂದೇ ತಿಳಿದರು.

ಹಾಗಿರುವಾಗ ಇರಂ ಎಂಬ ಹುಡುಗಿ ಕೆಲಸಕ್ಕೆ ಸೇರಿದಳು. ಅವಳೂ ಭದ್ರಾವತಿಯವಳೇ, ತಂದೆ ಅಬ್ಬಾಸ್ ಅಲಿ ಅಲ್ಲಿಯ ಹಳೇನಗರದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಎಂಸಿಎ ಮುಗಿಸಿ, ಮಂಗಳೂರಿನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ ಬಂದಿದ್ದಳು. ಅವಳ ಮೊದಲ ಕೆಲಸ ಕಲ್ಯಾಣಮಂಟಪವೊಂದರ ಬುಕಿಂಗ್ ತಂತ್ರಾಂಶಕ್ಕೆ ಒಂದು ಸಂದೇಶ ಬರೆಯುವುದು: ‘ನಮಸ್ಕಾರ’ ಎಂಬುದಕ್ಕೆ ಪ್ಲಸ್ ಹಾಕಿ ಹೆಸರು, ಅದಕ್ಕೆ ಪ್ಲಸ್ ಹಾಕಿ ತಾರೀಖು. ಒಂದೇ ಸಾಲು.

ಷಡಕ್ಷರಪ್ಪನವರು ಪರದೆಯನ್ನು ನೋಡಿ ಕನ್ನಡಕ ತೆಗೆದರು.

“ಇರಂ, ಇದೇನಿದು?”

“ಸಂದೇಶ ಸರ್.”

“ಪ್ಲಸ್ ಇದೆಯಲ್ಲ ಮಾರಾಯ್ತಿ. StringBuilder ಎಲ್ಲಿ?”

“ಅದನ್ನ ಕಂಪೈಲರೇ ನೋಡ್ಕೊಳ್ಳುತ್ತೆ ಸರ್. ಹಳೇ ಜಾವಾದಲ್ಲಾದ್ರೆ ಈ ಸಾಲಿಗೆ ಅದೇ StringBuilder ಹಾಕ್ತಿತ್ತು. ಈಗ ಇನ್ನೂ ಬೇರೆ ಉಪಾಯ ಇದೆ. ಬೇಕಾದ್ರೆ javap ಹಾಕಿ ನೋಡೋಣ್ವಾ?”

ನಾವು ಬರೆದ ಪ್ರೋಗ್ರಾಮನ್ನು ಕಂಪೈಲರ್ ಎಂಬ ತರ್ಜುಮೆಗಾರ ಬೈಟ್‌ಕೋಡ್ ಎಂಬ ಯಂತ್ರದ ಮಾತಿಗೆ ತಿರುಗಿಸಿ ಕ್ಲಾಸ್ ಫೈಲಿನಲ್ಲಿ ಇಡುತ್ತದೆ. ಆ ಫೈಲನ್ನು ಬಿಚ್ಚಿ, ತರ್ಜುಮೆಯಲ್ಲಿ ನಿಜಕ್ಕೂ ಏನಿದೆ ಎಂದು ಸಾಲುಸಾಲಾಗಿ ತೋರಿಸುವ ಸಲಕರಣೆಯೇ javap. ಜಾವಾ ಜೊತೆಗೇ ಪುಕ್ಕಟೆಯಾಗಿ ಬರುತ್ತದೆ. ಷಡಕ್ಷರಪ್ಪನವರ ಕಂಪ್ಯೂಟರಿನಲ್ಲೂ ಅದು ಇಷ್ಟು ವರ್ಷ ಇತ್ತು. ಅವರು ಅದನ್ನು ಕಂಪೈಲರಿನ ಹೆಸರಾದ javac ಎಂಬುದರ ಕಾಗುಣಿತ ತಪ್ಪೆಂದು ತಿಳಿದಿದ್ದರು.

“ಅದೆಲ್ಲ ಈಗ ಯಾರೂ ಬಳಸಲ್ಲ. ತೆಗ್ದು ಸರಿಯಾಗಿ ಬರಿ” ಎಂದು ಹೇಳಿ ಅವರು ಚಹಾ ಕುಡಿಯಲು ಇಳಿದುಹೋದರು. ಇರಂ ಸುಮ್ಮನೆ ತಿದ್ದಿದಳು. ಒಂದು ಸಾಲು ಆರು ಸಾಲಾಯಿತು.

ಆದರೆ ಚಹಾ ಅಂಗಡಿಯಲ್ಲಿ ಷಡಕ್ಷರಪ್ಪನವರಿಗೆ ಚಹಾ ರುಚಿಸಲಿಲ್ಲ. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರು. ಆ ಹುಡುಗಿಯ ಮಾತು ಸುಳ್ಳೆಂದು ಸೋಮವಾರ ಎಲ್ಲರೆದುರು ತೋರಿಸಬೇಕು ಎಂಬುದೇ ಉದ್ದೇಶ. ಎರಡು ಪುಟ್ಟ ಪ್ರೋಗ್ರಾಮ್ ಬರೆದರು: ಒಂದರಲ್ಲಿ ಪಾಪಿಷ್ಠ ಪ್ಲಸ್, ಇನ್ನೊಂದರಲ್ಲಿ ಪವಿತ್ರ StringBuilder. ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಜಾವಾ ಎಂಟರಲ್ಲಿ ಎರಡನ್ನೂ ಕಂಪೈಲ್ ಮಾಡಿ, javap -c ಎಂದು ಒತ್ತಿದರು.

ಎರಡು ಪಟ್ಟಿಗಳು ಪರದೆಯ ಮೇಲೆ ಅಕ್ಕಪಕ್ಕ ಬಂದು ನಿಂತವು. ಹೊಸ StringBuilder ಮಾಡು. ಒಂದು ತುಂಡು ಸೇರಿಸು. ಇನ್ನೊಂದು ತುಂಡು ಸೇರಿಸು. ಕೊನೆಗೆ toString. ಪಕ್ಕದಲ್ಲೂ ಅದೇ. ಅವರು ಬೆರಳಿಟ್ಟು ಸಾಲು ಸಾಲು ಹೋಲಿಸಿದರು. ಯಾವುದು ಪಾಪ ಯಾವುದು ಪುಣ್ಯ ಎಂದು ಅವರಿಗೇ ಗೊತ್ತಾಗಲಿಲ್ಲ. ಎಷ್ಟು ಜನ ಹುಡುಗರಿಂದ ಎಷ್ಟು ಸಾವಿರ ಸಾಲು ಅವರು ಕೈಯಾರೆ ಬರೆಸಿದ್ದರೋ, ಅದನ್ನೆಲ್ಲ ಕಂಪೈಲರ್ ತಾನೇ ಬರೆದುಕೊಳ್ಳುತ್ತಿತ್ತು.

ಮನಸ್ಸು ತಡೆಯದೆ ಹೊಸ ಜಾವಾ ಇಳಿಸಿಕೊಂಡು ಮತ್ತೆ ನೋಡಿದರು. ಅಲ್ಲಿ ಪ್ಲಸ್ ಇದ್ದ ಕಡೆ StringBuilder ಹೆಸರೇ ಇಲ್ಲ. invokedynamic ಎಂಬ ಒಂದೇ ಸಾಲು, ಅದರ ಪಕ್ಕ makeConcatWithConstants ಎಂಬ ಉದ್ದನೆಯ ಹೆಸರು. ಹೇಗೆ ಜೋಡಿಸಬೇಕೆಂಬುದನ್ನು ಕಂಪೈಲರ್ ಈಗ ತಾನು ನಿರ್ಧರಿಸದೆ, ಪ್ರೋಗ್ರಾಮ್ ಓಡುವ ಹೊತ್ತಿಗೆ ಜಾವಾ ಯಂತ್ರಕ್ಕೇ ಬಿಟ್ಟುಬಿಟ್ಟಿತ್ತು.

ಹೆಂಡತಿ ಸಾವಿತ್ರಮ್ಮ ದೋಸೆ ತಂದಿಟ್ಟು, “ಏನ್ರೀ, ಯಾರಾದ್ರೂ ಹೋಗ್ಬಿಟ್ರಾ?” ಎಂದು ಕೇಳಿದರು.

“ಇಲ್ವೇ. ಕಂಪೈಲರ್ ನನಗಿಂತ ಮುಂಚೆ ಎದ್ದು ಕೆಲಸ ಮುಗಿಸಿಬಿಟ್ಟಿದೆ.”

“ನಿಮಗಿಂತ ಮುಂಚೆ ಏಳೋದು ಕಷ್ಟ ಏನಲ್ಲ ಬಿಡಿ” ಎಂದು ಆಕೆ ಒಳಗೆ ಹೋದರು.

ಅವಮಾನವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಜೊತೆಗೆ, ಶಾಲೆಯಲ್ಲಿದ್ದಾಗ ಅಪ್ಪನ ಜೊತೆ ಕಾಗದದ ಕಾರ್ಖಾನೆಯೊಳಗೆ ಮೊದಲ ಸಲ ಹೋಗಿ, ಬಿದಿರು ತಿರುಳಾಗುವುದನ್ನು ಕಂಡ ದಿನದ ಖುಷಿಯಂಥದ್ದೇ ಒಂದು ಖುಷಿ ಅವರೊಳಗೆ ಎದ್ದಿತು. ದೋಸೆ ಆರಿತು. ಅವರು for-each ಬಿಚ್ಚಿದರು. ಪಟ್ಟಿಯ ಮೇಲೆ ಸಾಗುವಾಗ ಅದು iterator ಎಂಬ ಸಹಾಯಕನನ್ನು ತರಿಸಿಕೊಂಡು, ‘ಮುಂದೆ ಇದೆಯೇ?’ ಎಂದು hasNext ಕೇಳಿ, next ಎಂದು ಒಂದೊಂದನ್ನೇ ಎತ್ತಿಕೊಂಡು ಮತ್ತೆ ಮೇಲಕ್ಕೆ ಹಾರುತ್ತಿತ್ತು. array ಎಂಬ ನಿಗದಿತ ಉದ್ದದ ಸಾಲಿನ ಮೇಲೆ ಸಾಗುವಾಗ iterator ಕೂಡ ಇಲ್ಲ: ಅದರ ಉದ್ದ ಅಳೆದು, ಸೊನ್ನೆಯಿಂದ ಎಣಿಸುತ್ತ ಹೋಗುವ ಹಳೆಯ ಲೂಪೇ. ಸೋಮಾರಿತನವೆಂದು ಅವರು ಬೈದದ್ದರೊಳಗೆ ಅವರ ಅಚ್ಚುಮೆಚ್ಚಿನ ಲೂಪೇ ಕೂತಿತ್ತು.

ಸೋಮವಾರ ಅವರು ಎಲ್ಲರನ್ನೂ ಸೇರಿಸಿದರು.

“ನಾನು ಇಷ್ಟು ದಿನ ನಿಮ್ಮನ್ನ ಪರೀಕ್ಷೆ ಮಾಡ್ತಿದ್ದೆ” ಎಂದು ಶುರು ಮಾಡಿದರು. “ಯಾರಾದ್ರೂ javap ಹಾಕಿ ನೋಡ್ತಾರಾ ಅಂತ. ಇರಂ ಒಬ್ಬಳೇ ಪಾಸಾದ್ಲು.”

ಇರಂ ತಲೆ ತಗ್ಗಿಸಿ ನಗು ತಡೆದಳು. ಅಂದಿನಿಂದ ಮೊದಲ ಎರಡು ಕಾನೂನು ರದ್ದಾಯಿತು. ಉತ್ಸಾಹದಲ್ಲಿ ಷಡಕ್ಷರಪ್ಪನವರು ಎಲ್ಲ ಕಡೆಯಿಂದಲೂ StringBuilder ಕಿತ್ತುಹಾಕಲು ಆಜ್ಞೆ ಮಾಡಿದರು. ಆಗ ಇರಂ ತಡೆದಳು.

“ಲೂಪಿನೊಳಗಿರೋದು ಬೇಡ ಸರ್. ಅಲ್ಲಿ ಪ್ಲಸ್ ಹಾಕಿದ್ರೆ ಪ್ರತಿ ಸುತ್ತಿಗೂ ಹೊಸ ಸ್ಟ್ರಿಂಗ್ ಹುಟ್ಟುತ್ತೆ. ಅಲ್ಲಿವರೆಗೆ ಆಗಿದ್ದನ್ನೆಲ್ಲ ಮತ್ತೆ ನಕಲು ಮಾಡ್ಬೇಕು. ಕಂಪೈಲರ್ ಅದನ್ನ ಲೂಪಿಂದ ಆಚೆ ಎತ್ತಿಡಲ್ಲ. ಅಲ್ಲಿ ನಿಮ್ಮ ಹಳೇ ಕಾನೂನೇ ಸರಿ.”

“ನೋಡಿದ್ರಾ? ನಾನು ಅದಕ್ಕೇ ಹೇಳ್ತಿದ್ದದ್ದು” ಎಂದರು ಷಡಕ್ಷರಪ್ಪ, ಯಾವುದಕ್ಕೆಂದು ಹೇಳದೆ.

ಮಾಲೀಕ ಕೊಟ್ರಬಸಪ್ಪನವರಿಗೆ ಈ ಸುದ್ದಿ ಮುಟ್ಟಿತು. ಹಿಂದೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಅವರು, ಊರ ಹೊರಗಿನ ಸೋಗಾನೆ ನಿಲ್ದಾಣಕ್ಕೆ ವಿಮಾನ ಬಂದ ಮೇಲೆ ತಮ್ಮದು ಅಂತರರಾಷ್ಟ್ರೀಯ ಕಂಪನಿ ಎಂದು ನಂಬಿದ್ದರು. javap ಎಂದರೆ ಏನೆಂದು ಕೇಳಿ ತಿಳಿದುಕೊಳ್ಳಲಿಲ್ಲ. ಅದನ್ನು ಹೇಗೆ ಮಾರಬಹುದು ಎಂಬುದು ತಕ್ಷಣ ತಿಳಿಯಿತು. ‘ಸ್ಕ್ಯಾನ್ ಮಾಡಿದ ತಂತ್ರಾಂಶ’ ಎಂದು ಬ್ಯಾನರ್ ಬಂತು. ಪ್ರತಿ ಗ್ರಾಹಕನಿಗೂ ಬೈಟ್‌ಕೋಡಿನ ಪ್ರಿಂಟ್ ತೆಗೆದು, ಬೈಂಡ್ ಮಾಡಿಸಿ, ಕುಂಕುಮ ಹಚ್ಚಿ ಕೊಡತೊಡಗಿದರು. ಕಲ್ಯಾಣಮಂಟಪದವರು ಅದನ್ನು ದೇವರ ಫೋಟೋ ಪಕ್ಕ ಇಟ್ಟರು. ಓದಿದವರು ಯಾರೂ ಇಲ್ಲ. ಷಡಕ್ಷರಪ್ಪನವರೂ ಓದುತ್ತಿರಲಿಲ್ಲ, ಎಷ್ಟು ದಪ್ಪ ಇದೆ ಎಂದು ಕೈಯಲ್ಲಿ ತೂಗಿ ಸಹಿ ಹಾಕುತ್ತಿದ್ದರು. ಮೂರನೆಯ ಕಾನೂನನ್ನು ಬಿಚ್ಚಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಒಂದು ದಿನ ಭದ್ರಾವತಿಯ ಟ್ರಸ್ಟ್ ಕಣ್ಣಾಸ್ಪತ್ರೆಯಿಂದ ಫೋನ್ ಬಂತು. ಅಲ್ಲಿಗೆ ‘ನಿಖರ’ದವರು ಟೋಕನ್ ವ್ಯವಸ್ಥೆ ಹಾಕಿಕೊಟ್ಟಿದ್ದರು. ರೋಗಿಗಳು ಬಂದಾಗ ನಂಬರ್ ಸಿಗುತ್ತದೆ; ವೈದ್ಯರು ‘ಮುಂದಿನವರು’ ಎಂಬ ಗುಂಡಿ ಒತ್ತಿದರೆ ಗೋಡೆಯ ಬೋರ್ಡಿನ ಮೇಲೆ ಹೆಸರು ಮೂಡಿ, ಧ್ವನಿ ಕರೆಯುತ್ತದೆ. ಮಾತಾಡಿದವರು ಆಡಳಿತಾಧಿಕಾರಿ ಬಸವರಾಜೇಶ್ವರಿ.

“ನಿಮ್ಮ ಮಿಷನ್ನು ನೂರಿಪ್ಪತ್ತೇಳರ ತನಕ ಚೆನ್ನಾಗಿ ಕರೀತು. ಆಮೇಲೆ ಯಾರ ಹೆಸರೂ ಇಲ್ಲ. ಗುಂಡಿ ಒತ್ತಿದ್ರೆ ಬೋರ್ಡು ಖಾಲಿ. ಉಚಿತ ಕ್ಯಾಂಪು ಇವತ್ತು, ಜನ ಕೂತಿದಾರೆ, ಏನ್ಮಾಡ್ಲಿ?”

ಕೊಟ್ರಬಸಪ್ಪನವರು ಸ್ಪೀಕರಿನಲ್ಲಿಟ್ಟು ಕೇಳಿಸಿಕೊಂಡರು. “ಮೇಡಂ, ಬೈಂಡಿಂಗ್ ಇದೆಯಲ್ಲ, ಅದರ ಮೇಲೆ ನೀರೇನಾದ್ರೂ ಚೆಲ್ತಾ?”

ಷಡಕ್ಷರಪ್ಪನವರೂ ಇರಂಳೂ ಮುಂದಿನ ಬಸ್ಸಿಗೇ ಹೊರಟರು. ಅವರು ತಲುಪುವಷ್ಟರಲ್ಲಿ ಆಸ್ಪತ್ರೆಯಲ್ಲಿ ಹಲವು ಸಿದ್ಧಾಂತಗಳು ಹುಟ್ಟಿದ್ದವು. ಎಲೆಕ್ಟ್ರಿಷಿಯನ್ ಬೋರ್ಡನ್ನೇ ಕಳಚಿ ಕೆಳಗಿಟ್ಟಿದ್ದ. ಟ್ರಸ್ಟಿನ ಹಿರಿಯರೊಬ್ಬರು ಬೋರ್ಡು ದಕ್ಷಿಣಕ್ಕೆ ಮುಖ ಮಾಡಿದ್ದೇ ಕಾರಣ ಎಂದರು. ಒಳಗಿದ್ದ ಡಾಕ್ಟರು ಮಾತ್ರ ಪ್ರಸನ್ನರಾಗಿದ್ದರು. “ದಿನಕ್ಕೆ ನೂರಿಪ್ಪತ್ತೇಳು ಜನ ಸಾಕು. ಈ ಸಾಫ್ಟ್‌ವೇರ್ ಬರೆದವರಿಗೆ ವೈದ್ಯಕೀಯ ಜ್ಞಾನ ಇದೆ” ಎಂದರು.

ಹೊರಗೆ ಬೆಂಚಿನ ತುದಿಯಲ್ಲಿ ಕರಿಯಮ್ಮ ಎಂಬ ಮುದುಕಿ ಟೋಕನ್ ಚೀಟಿ ಹಿಡಿದು ಕೂತಿದ್ದಳು. ಹೊಳಲೂರು ಕಡೆಯಿಂದ ಬೆಳಿಗ್ಗೆಯೇ ಬಂದವಳು. ಚೀಟಿಯಲ್ಲಿ 128. “ನನ್ನ ಮುಂದಿದ್ದೋಳ್ನ ಕರೆದ್ರು. ನನ್ ಬಿಟ್ರು. ನಾನೇನ್ ಅನ್ಯಾಯ ಮಾಡಿದ್ನಪ್ಪಾ?” ಎಂದು ಹಾದುಹೋದವರನ್ನೆಲ್ಲ ಕೇಳುತ್ತಿದ್ದಳು. ಬಸವರಾಜೇಶ್ವರಿ ಕೊನೆಗೆ ತಾವೇ ಬಾಗಿಲಲ್ಲಿ ನಿಂತು ಹೆಸರು ಕೂಗಲು ಹೊರಟರು. ಆದರೆ ಡಾಕ್ಟರಿಗೆ ಶಿವಮೊಗ್ಗದಲ್ಲಿ ಸಂಜೆ ಬೇರೆ ಕ್ಲಿನಿಕ್ ಇತ್ತು. ಮೊದಲ ಹೆಸರು ಕೂಗುವ ಮುಂಚೆಯೇ ಅವರು ಕಾರು ಹತ್ತಿದರು. ಉಳಿದವರಿಗೆ ಮುಂದಿನ ಕ್ಯಾಂಪಿಗೆ ಬರಲು ಹೇಳಿದರು.

ನೋಂದಣಿ ಕೋಣೆಯಲ್ಲಿ ಇರಂ ಪ್ರೋಗ್ರಾಮ್ ತೆರೆದಳು. ರೋಗಿಯನ್ನು ಹುಡುಕುವ ಭಾಗ ಚಿಕ್ಕದು: ಪಟ್ಟಿಯಲ್ಲಿ ಒಬ್ಬೊಬ್ಬರ ನಂಬರನ್ನೂ ಈಗ ಕರೆಯಬೇಕಾದ ನಂಬರಿಗೆ ಹೋಲಿಸಿ, ಎರಡೂ ಒಂದೇ ಆದರೆ ಹೆಸರು ಕರೆ. ಷಡಕ್ಷರಪ್ಪನವರು ಎರಡು ಸಲ ಓದಿದರು.

“ಸರಿಯಾಗೇ ಇದೆಯಲ್ಲ.”

“ಓದೋಕೆ ಸರಿಯಾಗಿದೆ ಸರ್. javap ಹಾಕಿ.”

ಈ ಸಲ ಅವರು ಪುಟದ ದಪ್ಪ ನೋಡಲಿಲ್ಲ. ಸಾಲು ಸಾಲು ಓದಿದರು. ‘ಮುಂದಿನವರು’ ಗುಂಡಿಯ ಭಾಗದಲ್ಲಿ ಅವರು ಬರೆಸಿದ್ದು ‘ನಂಬರಿಗೆ ಒಂದು ಕೂಡಿಸು’ ಎಂದಷ್ಟೇ. ಬೈಟ್‌ಕೋಡಿನಲ್ಲಿ ಮೊದಲು intValue ಎಂದು Integer ಎಂಬ ಡಬ್ಬಿಯಿಂದ ಸಂಖ್ಯೆ ತೆಗೆದು, ಒಂದು ಕೂಡಿಸಿ, ಆಮೇಲೆ Integer.valueOf ಎಂದು ಮತ್ತೆ ಡಬ್ಬಿಗೆ ಹಾಕುತ್ತಿತ್ತು. ಬರೆದವರಿಗೆ ಕಾಣದ ಹಾಗೆ ಕಂಪೈಲರ್ ಈ ಡಬ್ಬಿ ಕಟ್ಟುವ ಕೆಲಸವನ್ನೂ ತಾನೇ ಮಾಡಿತ್ತು. ಹೋಲಿಸುವ ಜಾಗದಲ್ಲಿ ಬೇರೆಯದೇ ಒಂದು ಸಾಲು: if_acmpne.

“ಈ a ಏನು?” ಎಂದರು.

“ಸಂಖ್ಯೆ ಹೋಲಿಸೋದಾಗಿದ್ರೆ ಅಲ್ಲಿ if_icmpne ಅಂತ ಇರ್ಬೇಕಿತ್ತು ಸರ್. i ಅಂದ್ರೆ int. a ಅಂದ್ರೆ ವಿಳಾಸ. ಎರಡೂ ಕಡೆ Integer ಇರೋದ್ರಿಂದ ಇದು ಒಳಗಿನ ನಂಬರ್ ನೋಡ್ತಿಲ್ಲ. ಎರಡೂ ಒಂದೇ ಡಬ್ಬಿನಾ ಅಂತ ಕೇಳ್ತಿದೆ.”

“ಹಂಗಾದ್ರೆ ಒಂದರಿಂದಲೇ ತಪ್ಪಾಗ್ಬೇಕಿತ್ತಲ್ಲ?”

“ಚಿಕ್ಕ ಸಂಖ್ಯೆಗಳಿಗೆ, ಮೈನಸ್ ನೂರಿಪ್ಪತ್ತೆಂಟರಿಂದ ನೂರಿಪ್ಪತ್ತೇಳರ ತನಕ, ಜಾವಾ ಡಬ್ಬಿಗಳನ್ನ ಮೊದ್ಲೇ ಮಾಡಿಟ್ಟಿರುತ್ತೆ. valueOf ಎಷ್ಟು ಸಲ ಕೇಳಿದ್ರೂ ಅದೇ ಡಬ್ಬಿ ಕೊಡುತ್ತೆ. ಹಾಗಾಗಿ ಹೊಂದಿಕೆ ಆಗ್ತಿತ್ತು. ಆಮೇಲಿನದಕ್ಕೆ ಕೇಳಿದಾಗಲೆಲ್ಲ ಹೊಸ ಡಬ್ಬಿ. ಪಟ್ಟಿಯಲ್ಲಿರೋ 128 ಬೇರೆ ಡಬ್ಬಿ, ಗುಂಡಿ ಒತ್ತಿದಾಗ ಬಂದ 128 ಬೇರೆ ಡಬ್ಬಿ. ನಂಬರ್ ಒಂದೇ, ಡಬ್ಬಿ ಬೇರೆ.”

ಷಡಕ್ಷರಪ್ಪನವರು ಕುರ್ಚಿಗೆ ಒರಗಿದರು. ಇದನ್ನು ಬರೆದವನು ನಿಶಾಂತ್ ಎಂಬ ಹುಡುಗ. ಅವನಿಗೆ ಫೋನ್ ಮಾಡಿ, ಸ್ವಲ್ಪ ಗಡಸಾಗಿಯೇ, “ಏನಯ್ಯಾ ಇದು?” ಎಂದರು.

“ಸರ್, ನಾನು int ಅಂತಲೇ ಬರ್ದಿದ್ದೆ” ಎಂದ ನಿಶಾಂತ್. “ನೀವೇ ರಿವ್ಯೂನಲ್ಲಿ Integer ಮಾಡ್ಸಿದ್ರಿ. ಬನಿಯನ್ ಅಂದ್ರಿ.”

ಇರಂ ಕಿಟಕಿಯಾಚೆ ನೋಡುತ್ತಿದ್ದಳು. ಬಸವರಾಜೇಶ್ವರಿ ಬಾಗಿಲಲ್ಲಿ ನಿಂತು, “ಏನಂತೆ ಸರ್, ಯಾರ ತಪ್ಪು?” ಎಂದರು. ‘ಕಂಪೈಲರ್ ಸಮಸ್ಯೆ’ ಎಂಬ ಮಾತು ಷಡಕ್ಷರಪ್ಪನವರ ನಾಲಿಗೆ ತುದಿಗೆ ಬಂದಿತ್ತು. ಗ್ರಾಹಕರೆದುರು ಇಂಥ ಮಾತು ಅವರಿಗೆ ಅಭ್ಯಾಸ. ಆದರೆ ಆಗಷ್ಟೇ ಅವರು ಕಂಪೈಲರಿನ ಬರಹವನ್ನು ಸಾಲು ಸಾಲು ಓದಿದ್ದರು. ಹೇಳಿದ್ದನ್ನು ಅದು ಅಕ್ಷರ ಬಿಡದೆ ಮಾಡಿತ್ತು.

“ನಮ್ಮ ಆಫೀಸಿಂದು” ಎಂದರು. ಸ್ವಲ್ಪ ತಡೆದು, “ನಂದೇ ಅಂತಿಟ್ಕೊಳ್ಳಿ” ಎಂದರು.

“ಇಟ್ಕೊಂಡು ಏನ್ಮಾಡ್ಲಿ ಸರ್? ಸರಿ ಮಾಡ್ಕೊಡಿ” ಎಂದು ಆಕೆ ಹೊರಟುಹೋದರು.

ಮರುದಿನ ಶಿವಮೊಗ್ಗದಲ್ಲಿ ಕೊಟ್ರಬಸಪ್ಪನವರು ಪರಿಹಾರದೊಂದಿಗೆ ಕಾದಿದ್ದರು.

“ಷಡಕ್ಷರಪ್ಪೋರೆ, ಸರಿ ಮಾಡೋಕೆ ಹೋಗ್ಬೇಡಿ. ನೂರಿಪ್ಪತ್ತೇಳು ಆದ್ಮೇಲೆ ಬಿ-ಒಂದು ಅಂತ ಶುರು ಮಾಡಿ. ಎ ಸಾಲು, ಬಿ ಸಾಲು. ಅದನ್ನ ಪ್ರೀಮಿಯಂ ಪ್ಲಾನ್ ಅಂತ ಮಾರೋಣ. ಜನ ಜಾಸ್ತಿ ಇರೋ ಆಸ್ಪತ್ರೆಯೋರು ತಗೊಳ್ತಾರೆ.”

ಇಷ್ಟು ವರ್ಷಗಳಲ್ಲಿ ಷಡಕ್ಷರಪ್ಪನವರು ಮಾಲೀಕರ ಮಾತಿಗೆ ‘ಆಗಲಿ’ ಎನ್ನದ ದಿನವಿರಲಿಲ್ಲ. ಅಂದು, “ಆಗಲ್ಲ ಸಾರ್” ಎಂದರು.

“ಯಾಕೆ?”

“ತಪ್ಪನ್ನ ಬಿ ಸಾಲಲ್ಲಿ ಕೂರಿಸಿದ್ರೆ ಅದು ಎ ಸಾಲಿಗೆ ಎದ್ದು ಬರುತ್ತೆ. ಎರಡು ಕಡೆ Integer ತೆಗ್ದು int ಮಾಡಿದ್ರೆ ಮುಗೀತು. ಮಾಡಿಯೂ ಆಗಿದೆ.”

“ಯಾರನ್ನ ಕೇಳಿ ಮಾಡಿದ್ರಿ?”

“javap ಕೇಳಿ.”

ಕೊಟ್ರಬಸಪ್ಪನವರು ‘ಈಗ ನೂರಿಪ್ಪತ್ತೇಳಕ್ಕಿಂತ ಹೆಚ್ಚು ರೋಗಿಗಳಿಗೆ’ ಎಂದು ಹೊಸ ಬ್ಯಾನರಿಗೆ ಹೇಳಿಕಳಿಸಿದರು.

ಮೂರನೆಯ ಕಾನೂನೂ ಹೋಯಿತು. ಆದರೆ ಕಾನೂನಿಲ್ಲದೆ ಇರುವುದು ಆ ಆಫೀಸಿಗೆ ಒಗ್ಗಲಿಲ್ಲ. ಕೆಲವೇ ದಿನಗಳಲ್ಲಿ ಹುಡುಗರು, ‘Integer ಎಂದರೆ ಪಾಪ, ಸರ್ ಹೇಳಿದ್ದಾರೆ’ ಎಂದು ಹೊಸಬರಿಗೆ ಹೇಳತೊಡಗಿದರು. ಪಟ್ಟಿಯೊಳಗೆ ಸಂಖ್ಯೆ ಇಡಬೇಕಾದರೆ ಅದು ಬೇಕೇ ಬೇಕು, ಹೋಲಿಸುವಾಗ ಒಳಗಿನ ಸಂಖ್ಯೆ ನೋಡುವ equals ಬಳಸಿದರೆ ಸಾಕು ಎಂದು ಷಡಕ್ಷರಪ್ಪನವರು ಕೂಗಿ ಹೇಳಿದರೂ ಯಾರೂ ನಂಬಲಿಲ್ಲ. Integer ತೆಗೆಯಿರಿ ಎಂದು ಅವರು ಮೊದಲು ಹೇಳಿದ್ದೇ ಜೋರಾಗಿತ್ತು. “ಬಿಚ್ಚಿ ನೋಡ್ರೋ, ನನ್ನ ಮಾತು ಬಿಡಿ” ಎಂದು ಅವರು ಈಗ ದಿನಕ್ಕೆ ಹಲವು ಸಲ ಹೇಳುತ್ತಾರೆ. ಹುಡುಗರು ಅದನ್ನೂ ಬರೆದುಕೊಳ್ಳುತ್ತಾರೆ.

ಮುಂದಿನ ಉಚಿತ ಕ್ಯಾಂಪಿನ ದಿನ ಅವರು ಶಿವಮೊಗ್ಗದ ಬಸ್ಸು ಹತ್ತದೆ, ನೇರ ಆಸ್ಪತ್ರೆಗೆ ಹೋಗಿ ಬೆಂಚಿನ ಮೇಲೆ ಕೂತರು. ಯಾರೂ ಕರೆದಿರಲಿಲ್ಲ. ಬೋರ್ಡನ್ನು ಈಗ ಉತ್ತರಕ್ಕೆ ತಿರುಗಿಸಿದ್ದರು. ಹಿಂದಿನ ಸಲ ಉಳಿದವರಿಗೆ ಹಳೆಯ ನಂಬರನ್ನೇ ಕೊಡಬೇಕೆಂದು ಟ್ರಸ್ಟಿನವರು ನ್ಯಾಯಬದ್ಧವಾಗಿ ತೀರ್ಮಾನಿಸಿದ್ದರಿಂದ, ಕರಿಯಮ್ಮ ಮತ್ತೆ 128ಕ್ಕೇ ಕಾಯುತ್ತಿದ್ದಳು.

ನೂರಿಪ್ಪತ್ತೇಳು ಬಂತು, ಹೋಯಿತು. ಡಾಕ್ಟರು ಗುಂಡಿ ಒತ್ತಿದರು. ಬೋರ್ಡಿನ ಮೇಲೆ ‘ಕರಿಯಮ್ಮ’ ಎಂದು ಕೆಂಪಕ್ಷರ ಮೂಡಿತು. ಧ್ವನಿ ಸ್ಪಷ್ಟವಾಗಿ ಕರೆಯಿತು. ಷಡಕ್ಷರಪ್ಪನವರಿಗೆ ಎದ್ದು ಚಪ್ಪಾಳೆ ತಟ್ಟಬೇಕೆನಿಸಿತು.

ಕರಿಯಮ್ಮ ಮಿಸುಕಲಿಲ್ಲ. ಪೊರೆ ಬಂದ ಕಣ್ಣಿಗೆ ಬೋರ್ಡು ಕಾಣುತ್ತಿರಲಿಲ್ಲ. ಧ್ವನಿ ಕಿವಿಗೆ ಬಿದ್ದಿತ್ತು. ಅವಳು ಅದಕ್ಕೆ ಬೆಲೆ ಕೊಡಲಿಲ್ಲ.

ಅವರು ಹತ್ತಿರ ಹೋಗಿ ಬಾಗಿದರು. “ಅಜ್ಜಿ, ನಿಮ್ಮನ್ನ ಕರೀತಿದೆ.”

“ಯಾರು?”

“ಕಂಪ್ಯೂಟ್ರು.”

“ಅದು ಹೋದ್ಸಲ ನನ್ನ ಬಿಟ್ಟೈತೆ. ಅದರ ಮಾತಿಗೆ ನಾನು ಏಳಲ್ಲ. ಯಾರಾದ್ರೂ ಮನುಷ್ರು ಕರೀಲಿ.”

“ಕರಿಯಮ್ಮಾ, ಬನ್ನಿ” ಎಂದು ಷಡಕ್ಷರಪ್ಪನವರು ಗಟ್ಟಿಯಾಗಿ ಕರೆದು ಕೈ ನೀಡಿದರು. ಅವಳು ಆ ಕೈ ಹಿಡಿದು ಎದ್ದಳು. “ನೀನ್ಯಾರಪ್ಪ, ಕಾಂಪೌಂಡರಾ?”

“ಹೂಂ ಅಜ್ಜಿ” ಎಂದು ಅವರು ಮೆಲ್ಲಗೆ ಅವಳನ್ನು ಕೋಣೆಯತ್ತ ನಡೆಸಿಕೊಂಡು ಹೋದರು.